ಸೊನ್ನೆಯೋ ಎಂಟೋ: ಮಾಸಿದ ಡಾಟ್ ಮ್ಯಾಟ್ರಿಕ್ಸ್ ಹಾಳೆಯ ಲೆಕ್ಕ ಓದುವ ಬಗೆ

ಹಳೆಯ ಸಾಲದ ಕಡತ ಬಿಚ್ಚಿದರೆ ಎರಡೂ ಅಂಚಿನಲ್ಲಿ ತೂತುಗಳ ಸಾಲಿರುವ, ಮಡಿಕೆಯ ಬಳಿ ಹರಿದ ಹಾಳೆಗಳು ಸಿಗುತ್ತವೆ. ಅವುಗಳ ಮೇಲೆ ಚುಕ್ಕಿ ಚುಕ್ಕಿಯಾಗಿ ಮೂಡಿದ ಅಂಕಿಗಳು, ಅರ್ಧ ಮಾಸಿದವು, ಅರ್ಧ ಒಡೆದವು. ತಾರೀಕು, ಖರ್ಚು, ಜಮಾ, ಬಾಕಿ ಎಂಬ ನಾಲ್ಕು ಕಾಲಮ್ಮುಗಳು ಎಷ್ಟು ಒತ್ತಾಗಿರುತ್ತವೆ ಎಂದರೆ ಒಂದರ ಬಾಲ ಎಲ್ಲಿ ಮುಗಿಯಿತು, ಇನ್ನೊಂದರ ತಲೆ ಎಲ್ಲಿ ಶುರುವಾಯಿತು ಎಂಬುದೇ ತಿಳಿಯುವುದಿಲ್ಲ. ಅಪ್ಪ ಕಟ್ಟಿದ್ದು ಮೂರು ಸಾವಿರವೋ ಮೂರು ಸಾವಿರದ ಎಂಟುನೂರೋ ಎಂದು ಮಕ್ಕಳು ಭೂತಗನ್ನಡಿ ಹಿಡಿದು ಕೂರುವುದು ಇಂಥ ಹಾಳೆಯ ಮುಂದೆ.

ಬ್ಯಾಂಕುಗಳಲ್ಲಿ ಯಂತ್ರದ ಲೆಕ್ಕ ತರಬೇಕೆಂದು ರಂಗರಾಜನ್ ಸಮಿತಿ 1984ರಲ್ಲಿ ಸಲಹೆ ಕೊಟ್ಟ ಮೇಲೆ ಶಾಖೆಗಳಿಗೆ ಲೆಡ್ಜರ್ ಪೋಸ್ಟಿಂಗ್ ಯಂತ್ರಗಳು ಬಂದವು. ಅವುಗಳ ಜತೆಗೇ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್‌ಗಳೂ ಬಂದು, ಎರಡು ದಶಕಗಳಷ್ಟು ಕಾಲ ನಮ್ಮ ಸಾಲ, ಠೇವಣಿ, ಬಿಲ್ಲು, ಸಂಬಳದ ಚೀಟಿಗಳನ್ನೆಲ್ಲ ಕರಕರ ಸದ್ದಿನಲ್ಲಿ ಮುದ್ರಿಸಿದವು. ಬ್ಯಾಂಕುಗಳು ಯಾವ ದಾಖಲೆಯನ್ನು ಎಷ್ಟು ವರ್ಷ ಇಟ್ಟುಕೊಳ್ಳಬೇಕು ಎಂಬುದಕ್ಕೆ 1985ರ ನಿಯಮಗಳಿವೆ. ಅವುಗಳ ಪ್ರಕಾರ ಕೆಲವನ್ನು ಐದು ವರ್ಷ, ಕೆಲವನ್ನು ಎಂಟು ವರ್ಷ ಕಾಪಾಡಿದರೆ ಸಾಕು. ಹಾಗಾಗಿ 1996ರ ಲೆಕ್ಕಕ್ಕೆ ಇಂದು ಉಳಿದಿರುವ ಏಕೈಕ ಸಾಕ್ಷಿ ಮನೆಯ ಟ್ರಂಕಿನಲ್ಲಿರುವ ಈ ಮಾಸಿದ ಹಾಳೆಯೇ ಆಗಿರಬಹುದು. ಅದನ್ನು ಸರಿಯಾಗಿ ಓದುವುದಕ್ಕೆ ಒಂದು ಕ್ರಮವಿದೆ. ಚುರುಕು ಕಣ್ಣಿಗಿಂತ ಹೆಚ್ಚು ನೆರವಾಗುವುದು ಆ ಯಂತ್ರ ಅಂಕಿಯನ್ನು ಹೇಗೆ ಬರೆಯುತ್ತಿತ್ತು ಎಂಬ ತಿಳಿವಳಿಕೆ.

ಆ ಕಾಲದ ಕಚೇರಿಗಳಲ್ಲಿ ಹೆಚ್ಚು ಬಳಕೆಯಲ್ಲಿದ್ದದ್ದು 9 ಪಿನ್ನಿನ ಪ್ರಿಂಟರ್. ಅದರ ಹೆಡ್ಡಿನಲ್ಲಿ ತಂತಿಯಂಥ ಒಂಬತ್ತು ಪಿನ್ನುಗಳು ಒಂದರ ಕೆಳಗೊಂದು ನಿಂತಿರುತ್ತವೆ. ನಡುವಿನ ಅಂತರ ಒಂದು ಇಂಚಿನ 72ನೇ ಒಂದು ಭಾಗ, ಅಂದರೆ ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟು. ಹೆಡ್ ಎಡದಿಂದ ಬಲಕ್ಕೆ ಓಡುತ್ತ, ಬೇಕಾದ ಪಿನ್ನುಗಳು ಮಾತ್ರ ಮುಂದಕ್ಕೆ ಚಿಮ್ಮಿ, ಶಾಯಿ ಹೀರಿದ ನೈಲಾನ್ ರಿಬ್ಬನ್ನನ್ನು ಕಾಗದಕ್ಕೆ ಗುದ್ದುತ್ತವೆ. ಅಂಕಿಗಳಿಗೆ ಮೇಲಿನ ಏಳು ಪಿನ್ನು ಸಾಕು. ಕೆಳಗಿನ ಎರಡು ಇರುವುದು ಇಂಗ್ಲಿಷಿನ ಸಣ್ಣಕ್ಷರಗಳ ಬಾಲಕ್ಕೆ ಮತ್ತು ಅಡಿಗೆರೆಗೆ. ಹಾಗಾಗಿ ಹಾಳೆಯ ಪ್ರತಿ ಅಂಕಿಯೂ ಏಳು ಅಡ್ಡಸಾಲುಗಳ ಚುಕ್ಕಿಚಿತ್ರ, ಒಂದೊಂದು ಸಾಲನ್ನೂ ಒಂದೊಂದು ಪಿನ್ನು ಬರೆದದ್ದು. ಈ ಒಂದು ಸಂಗತಿ ನೆನಪಿಟ್ಟುಕೊಂಡರೆ ಮುಂದಿನದ್ದೆಲ್ಲ ಸುಲಭ.

ಹಾಳೆ ಮಂಕಾಗಿದೆ ಎಂದರೆ ಸಾಲದು. ಯಾಕೆ ಮಂಕಾಯಿತು ಎಂದು ಮೊದಲು ಗುರುತಿಸಬೇಕು, ಏಕೆಂದರೆ ಒಂದೊಂದು ಕಾರಣ ಒಂದೊಂದು ಬಗೆಯಲ್ಲಿ ಅಂಕಿಯನ್ನು ಕೆಡಿಸುತ್ತದೆ. ರಿಬ್ಬನ್ ಒಣಗಿದ್ದರೆ ಇಡೀ ಅಂಕಿ ಒಂದೇ ಸಮ ಬೂದಿಯಾಗುತ್ತದೆ, ಆಕಾರ ಮಾತ್ರ ಪೂರ್ತಿ ಉಳಿಯುತ್ತದೆ. ರಿಬ್ಬನ್ ಸರಿಯಾಗಿ ಕೂರದೆ ಮೇಲೆ ಅಥವಾ ಕೆಳಗೆ ಸರಿದಿದ್ದರೆ ಅಂಕಿಗಳ ತಲೆಯೋ ಕಾಲೋ ಮಾಸಿ, ಇನ್ನರ್ಧ ಕಪ್ಪಾಗಿಯೇ ಇರುತ್ತದೆ. ಕಾರ್ಬನ್ ಇಟ್ಟು ತೆಗೆದ ಎರಡನೇ, ಮೂರನೇ ಪ್ರತಿಯಲ್ಲಿ ಚುಕ್ಕಿಗಳು ಹರಡಿಕೊಂಡು ಅಂಕಿಯ ಒಳಗಿನ ಬಿಳಿ ತುಂಬಿಹೋಗುತ್ತದೆ. ಗ್ರಾಹಕರ ಕೈಗೆ ಎಷ್ಟೋ ಸಲ ಸಿಗುತ್ತಿದ್ದದ್ದು ಈ ಪ್ರತಿಯೇ. ಇವೆಲ್ಲಕ್ಕಿಂತ ಅಪಾಯದ್ದು ಒಂದು ಪಿನ್ನು ಸತ್ತಿರುವುದು. ಆಗ ಹಾಳೆ ಕಪ್ಪಾಗಿಯೇ ಇರುತ್ತದೆ, ಓದಲು ಬರುತ್ತದೆ ಎಂದೇ ಅನಿಸುತ್ತದೆ. ಆದರೆ ಎಲ್ಲ ಸಾಲುಗಳಲ್ಲೂ, ಎಲ್ಲ ಅಂಕಿಗಳಲ್ಲೂ, ಅದೇ ಎತ್ತರದಲ್ಲಿ ಕೂದಲೆಳೆಯಂಥ ಬಿಳಿ ಗೆರೆಯೊಂದು ಅಡ್ಡ ಹಾಯುತ್ತದೆ. ಒಂದು ಕಡೆ ಮಾತ್ರ ಕಂಡರೆ ಅದು ರಿಬ್ಬನ್ನಿನ ದೋಷ, ಹಾಳೆಯ ತುದಿಯಿಂದ ತುದಿಗೆ ಕಂಡರೆ ಪಿನ್ನಿನದು.

ಮೇಲಿನಿಂದ ನಾಲ್ಕನೆಯದು, ಅಂದರೆ ನಟ್ಟನಡುವಿನ ಪಿನ್ನು ಸತ್ತಾಗ ಏನಾಗುತ್ತದೆ ನೋಡಿ. ಎಡದಲ್ಲಿ ಎಂಟು, ಅದರ ಪಕ್ಕ ಸೊನ್ನೆ. ಮುಂದಿನ ಎರಡು, ನಾಲ್ಕನೇ ಪಿನ್ನಿಲ್ಲದ ಅದೇ ಎಂಟು, ಅದೇ ಸೊನ್ನೆ.

```
·●●●·   ·●●●·     ·●●●·   ·●●●·
●···●   ●···●     ●···●   ●···●
●···●   ●···●     ●···●   ●···●
·●●●·   ●···●     ·····   ·····
●···●   ●···●     ●···●   ●···●
●···●   ●···●     ●···●   ●···●
·●●●·   ·●●●·     ·●●●·   ·●●●·
```

ಬಲಗಡೆಯ ಎರಡರಲ್ಲಿ ಒಂದು ಚುಕ್ಕಿಯಷ್ಟೂ ವ್ಯತ್ಯಾಸವಿಲ್ಲ. ಸೊನ್ನೆಯೊಳಗೆ ಓರೆಗೆರೆ ಹಾಕುವ ಅಚ್ಚಾಗಿದ್ದರೆ ಬೇರೆ ಮಾತು. ಇಲ್ಲವಾದರೆ ಎಂಥ ಭೂತಗನ್ನಡಿ ತಂದರೂ, ಎಷ್ಟು ದೊಡ್ಡದು ಮಾಡಿ ನೋಡಿದರೂ, ಎಂಟು ಯಾವುದು ಸೊನ್ನೆ ಯಾವುದು ಎಂದು ಹೇಳಲಾಗದು, ಏಕೆಂದರೆ ಆ ವ್ಯತ್ಯಾಸ ಕಾಗದದ ಮೇಲೆ ಮೂಡಿಯೇ ಇಲ್ಲ. ಇನ್ನೂ ಒಂದು ಕೇಡಿದೆ. ಋಣ ಚಿಹ್ನೆ, ಅಂದರೆ ಮೈನಸ್ ಗುರುತು, ಸಾಮಾನ್ಯವಾಗಿ ಇದೇ ನಾಲ್ಕನೇ ಪಿನ್ನೊಂದರಿಂದಲೇ ಬರೆಯುವ ಅಡ್ಡಗೆರೆ. ಆ ಪಿನ್ನು ಸತ್ತರೆ ಮೈನಸ್ ಗುರುತುಗಳೆಲ್ಲ ಸುಳಿವಿಲ್ಲದೆ ಮಾಯವಾಗುತ್ತವೆ, ಕಳೆಯಬೇಕಾದ ಮೊತ್ತ ಕೂಡಬೇಕಾದದ್ದರಂತೆ ನಿಲ್ಲುತ್ತದೆ. ಇದನ್ನು ಪತ್ತೆಹಚ್ಚುವ ದಾರಿಯೂ ಅಲ್ಲಿಯೇ ಇದೆ: ತಲೆಬರಹದ ಕೆಳಗೆ ಉದ್ದಕ್ಕೂ ಇರಬೇಕಾದ ಅಡ್ಡಗೆರೆಗಳ ಸಾಲು, ತಾರೀಕಿನ ನಡುವಿನ ಪುಟ್ಟ ಗೆರೆಗಳು ಇಲ್ಲವಾಗಿದ್ದರೆ, ನಾಲ್ಕನೇ ಪಿನ್ನು ಕೆಲಸ ಮಾಡಿಲ್ಲ ಎಂದು ತಿಳಿಯಬೇಕು.

ಪಾಸ್‌ಬುಕ್ ಮುದ್ರಿಸಲು ಬಳಸುತ್ತಿದ್ದ 24 ಪಿನ್ನಿನ ಯಂತ್ರಗಳಲ್ಲಿ ಒಂದು ಪಿನ್ನು ಹೋದರೂ ಇಷ್ಟು ನಷ್ಟವಿಲ್ಲ. ಅಲ್ಲಿ ಒಂದೊಂದು ಗೆರೆಯನ್ನೂ ಒಂದಕ್ಕಿಂತ ಹೆಚ್ಚು ಪಿನ್ನು ಬರೆಯುವುದರಿಂದ ಸಣ್ಣ ಸೀಳು ಕಾಣುತ್ತದೆಯೇ ಹೊರತು ಅಂಕಿ ಬದಲಾಗುವುದಿಲ್ಲ.

ಒತ್ತಾದ ಕಾಲಮ್ಮುಗಳನ್ನು ಬಿಡಿಸಲು ಒಂದು ಅನುಕೂಲ ಈ ಯಂತ್ರದಲ್ಲಿಯೇ ಇದೆ. ಅದು ಪ್ರತಿ ಅಕ್ಷರಕ್ಕೂ ಒಂದೇ ಅಗಲದ ಜಾಗ ಕೊಡುತ್ತದೆ, ಒಂದಕ್ಕೂ ಎಂಟಕ್ಕೂ ಖಾಲಿ ಜಾಗಕ್ಕೂ ಭೇದವಿಲ್ಲ. ಸಾಮಾನ್ಯ ಮುದ್ರಣದಲ್ಲಿ ಇಂಚಿಗೆ ಹತ್ತು ಅಕ್ಷರ, ಎಂಟಿಂಚಿನ ಸಾಲಿಗೆ 80. ಆದರೆ ಬ್ಯಾಂಕಿನ ಲೆಕ್ಕಕ್ಕೆ 132 ಅಕ್ಷರದ ಸಾಲು ಬೇಕಾದಾಗ, ಅಗಲದ ಕಾಗದ ಹಾಕುವ ಬದಲು ಇಂಚಿಗೆ ಹದಿನೇಳರಂತೆ ಒತ್ತಿ ಮುದ್ರಿಸುತ್ತಿದ್ದರು. ಆಗ ಒಂದು ಅಂಕಿಗೆ ಸಿಗುವುದು ಒಂದೂವರೆ ಮಿಲಿಮೀಟರ್ ಮಾತ್ರ. ಮೊತ್ತ ದೊಡ್ಡದಾಗಿ ತನ್ನ ಕಾಲಮ್ಮಿನ ಅಗಲವನ್ನೆಲ್ಲ ತುಂಬಿದರೆ ಪಕ್ಕದ ಕಾಲಮ್ಮಿಗೆ ಅಂಟಿಕೊಂಡು `3800.0011658.50` ಎಂಬಂತೆ ಕಾಣುತ್ತದೆ. ಇಲ್ಲಿ ಹಿಡಿಯಬೇಕಾದದ್ದು ದಶಾಂಶದ ಚುಕ್ಕಿಯನ್ನು. ಅದರಾಚೆ ಪೈಸೆಗೆ ಎರಡೇ ಮನೆ, ಮೂರನೇ ಅಂಕಿ ಬಂತೆಂದರೆ ಅದು ಮುಂದಿನ ಕಾಲಮ್ಮಿನದು.

ಚುಕ್ಕಿಯೇ ಮಾಸಿಹೋಗಿದ್ದರೆ? ಅಂಕಿಗಳನ್ನು ಬಲಕ್ಕೆ ಹೊಂದಿಸಿ ಮುದ್ರಿಸಿರುವುದರಿಂದ ಒಂದು ಕಾಲಮ್ಮಿನ ಚುಕ್ಕಿಗಳೆಲ್ಲ ಒಂದೇ ನೇರದಲ್ಲಿ ಕೆಳಕ್ಕಿಳಿಯುತ್ತವೆ. ಹಾಳೆಯಲ್ಲಿ ಸ್ಪಷ್ಟವಾಗಿರುವ ಎರಡು ಮೂರು ಚುಕ್ಕಿಗಳನ್ನು ಹುಡುಕಿ, ಪಾರದರ್ಶಕ ಹಾಳೆಯೊಂದನ್ನು ಮೇಲಿಟ್ಟು, ಅವುಗಳ ಮೂಲಕ ಮೇಲಿಂದ ಕೆಳಕ್ಕೆ ಗೆರೆ ಎಳೆಯಬೇಕು. ತಲೆಬರಹದ ಸ್ಪಷ್ಟ ಪದವೊಂದನ್ನು ಅಳೆದು ಅಕ್ಷರದ ಅಗಲ ಕಂಡುಕೊಂಡರೆ ಆ ಗೆರೆಯ ಅಕ್ಕಪಕ್ಕ ಉಳಿದ ಮನೆಗಳನ್ನೂ ಗುರುತಿಸಬಹುದು. ಅಂಕಿ ಯಾವ ಮನೆಯಲ್ಲಿ ಕೂತಿದೆ ಎಂಬುದು ಆಗ ಊಹೆಯ ಮಾತಾಗಿ ಉಳಿಯುವುದಿಲ್ಲ. ಸಾಲುಗಳಿಗೆ ಅಳತೆಗೋಲು ಅಂಚಿನ ತೂತುಗಳೇ. ಒಂದು ತೂತಿನಿಂದ ಇನ್ನೊಂದಕ್ಕೆ ಅರ್ಧ ಇಂಚು, ಇಂಚಿಗೆ ಆರು ಸಾಲಿನ ಮುದ್ರಣದಲ್ಲಿ ಅಷ್ಟರೊಳಗೆ ಮೂರು ಸಾಲು. ಎಡದ ತೂತಿಗೂ ಬಲದ ತೂತಿಗೂ ದಾರ ಹಿಡಿದರೆ ಎಡತುದಿಯ ತಾರೀಕಿಗೆ ಬಲತುದಿಯ ಬಾಕಿ ಯಾವುದು ಎಂಬುದು ತಪ್ಪುವುದಿಲ್ಲ. ಕೆಲವು ಹಾಳೆಗಳಲ್ಲಿ ಚುಕ್ಕಿಗಳ ನೇರ ಸಾಲಿನಿಂದ ಸಾಲಿಗೆ ಎಡಕ್ಕೂ ಬಲಕ್ಕೂ ವಾಲುತ್ತದೆ. ಹೆಡ್ ಹೋಗುವಾಗಲೂ ಬರುವಾಗಲೂ ಮುದ್ರಿಸುತ್ತಿದ್ದು, ಎರಡು ದಿಕ್ಕಿನ ಓಟಗಳು ಹೊಂದಿಕೆಯಾಗದೆ ಹೋದಾಗ ಹೀಗಾಗುತ್ತದೆ. ಆಗ ಒಂದು ದಿಕ್ಕಿನ ಸಾಲುಗಳಿಗೆ ಒಂದು, ಇನ್ನೊಂದು ದಿಕ್ಕಿನವಕ್ಕೆ ಮತ್ತೊಂದು ಗೆರೆ ಬೇಕು.

ಶಾಯಿ ಪೂರ್ತಿ ಹಾರಿಹೋಗಿದ್ದರೂ ಹಾಳೆಯನ್ನು ಬಿಟ್ಟುಬಿಡಬಾರದು. ಪಿನ್ನು ಕಾಗದವನ್ನು ನಿಜವಾಗಿ ಗುದ್ದಿರುತ್ತದೆ, ಅದರ ಕುಳಿ ಅಲ್ಲಿಯೇ ಇರುತ್ತದೆ. ಕೋಣೆ ಕತ್ತಲು ಮಾಡಿ, ಟಾರ್ಚನ್ನು ಕಾಗದದ ಮಟ್ಟಕ್ಕೇ ಇಳಿಸಿ ಪಕ್ಕದಿಂದ ಬೆಳಕು ಬಿಟ್ಟರೆ ಕುಳಿಗಳ ನೆರಳು ಕಾಣುತ್ತದೆ. ಹಾಳೆ ಮಗುಚಿ ಹಿಂಬದಿಯ ಉಬ್ಬುಗಳನ್ನು ನೋಡುವುದು ಇನ್ನೂ ಸುಲಭ, ಅಂಕಿಗಳು ತಿರುಗುಮುರುಗಾಗಿರುತ್ತವೆ ಅಷ್ಟೆ. ಇದು ಗುದ್ದಿ ಮುದ್ರಿಸುವ ಯಂತ್ರದ ಮೂಲಪ್ರತಿಯಲ್ಲಿ ಮಾತ್ರ ಸಾಧ್ಯ. ಜೆರಾಕ್ಸ್ ಪ್ರತಿಯಲ್ಲಿ ಕುಳಿಯಿರುವುದಿಲ್ಲ, ಸತ್ತ ಪಿನ್ನಂತೂ ಎಲ್ಲಿಯೂ ಕುಳಿ ಬಿಟ್ಟಿರುವುದಿಲ್ಲ. ಹಾಳೆ ಹಾಳಾಗದಿರಲೆಂದು ಲ್ಯಾಮಿನೇಶನ್ ಮಾಡಿಸುವವರಿದ್ದಾರೆ. ದಯವಿಟ್ಟು ಮಾಡಿಸಬೇಡಿ. ಬಿಸಿ ಮತ್ತು ಒತ್ತಡಕ್ಕೆ ಕುಳಿಗಳು ಸಮವಾಗಿ, ಮೇಲಿನ ಹೊಳಪು ಉಳಿದದ್ದನ್ನೂ ಮುಚ್ಚುತ್ತದೆ.

ಸ್ಕ್ಯಾನ್ ಮಾಡಿಸುವಾಗ ಅಂಗಡಿಯವರು ಕಪ್ಪು-ಬಿಳುಪು ಎಂಬ ಆಯ್ಕೆ ಒತ್ತಿದರೆ ಬೂದು ಚುಕ್ಕಿಗಳೆಲ್ಲ ಬಿಳಿಯಾಗಿ ಹೋಗುತ್ತವೆ. ಗ್ರೇಸ್ಕೇಲ್ ಅಥವಾ ಬಣ್ಣದಲ್ಲಿ, 600 ಡಿಪಿಐಗೆ ಮಾಡಿಸಿ. ಅಷ್ಟಾದರೆ ಒಂದು ಚುಕ್ಕಿಗೂ ಮುಂದಿನದಕ್ಕೂ ನಡುವೆ ಎಂಟು ಪಿಕ್ಸೆಲ್ ಸಿಗುತ್ತದೆ. ಕಾಗದ ಹಳದಿಗಟ್ಟಿದ್ದರೆ ಬಣ್ಣದ ಚಿತ್ರದಿಂದ ಕೆಂಪು ಪದರವನ್ನಷ್ಟೇ ತೆಗೆದು ನೋಡಬೇಕು, ಅದರಲ್ಲಿ ಹಳದಿ ತಿಳಿಯಾಗಿ ಕಪ್ಪು ಶಾಯಿ ಎದ್ದು ಬರುತ್ತದೆ. ಚುಕ್ಕಿಗಳು ಬಿಡಿಬಿಡಿಯಾಗಿ ಕಣ್ಣಿಗೆ ಅಂಕಿಯಾಗಿ ಕೂಡದಿದ್ದರೆ ಚಿತ್ರವನ್ನು ತುಸು ಮಸುಕು ಮಾಡಬೇಕು, ಇಲ್ಲವೇ ಎರಡು ಹೆಜ್ಜೆ ಹಿಂದೆ ನಿಂತು ನೋಡಬೇಕು. ಹತ್ತಿರ ಹೋದಷ್ಟೂ ಚೆನ್ನಾಗಿ ಕಾಣುತ್ತದೆ ಎಂಬುದು ಈ ಮುದ್ರಣದ ಮಟ್ಟಿಗೆ ನಿಜವಲ್ಲ.

ಇಷ್ಟೆಲ್ಲ ಆದ ಮೇಲೂ ತೀರ್ಮಾನವಾಗದ ಅಂಕಿಗಳು ಉಳಿಯುತ್ತವೆ. ಹೆಚ್ಚಿನವರು ತಪ್ಪುವುದು ಇಲ್ಲಿಯೇ. ಸಂದರ್ಭ ನೋಡಿ ಇದು ಸೊನ್ನೆಯೇ ಇರಬೇಕು ಎಂದು ಬರೆದುಬಿಡುತ್ತಾರೆ. ಒಮ್ಮೆ ಬರೆದ ಮೇಲೆ ಅದು ಓದಿದ್ದೋ ಊಹಿಸಿದ್ದೋ ಎಂಬುದು ಬರೆದವರಿಗೇ ಮರೆತುಹೋಗುತ್ತದೆ. ಅಕ್ಷರ ಗುರುತಿಸುವ ತಂತ್ರಾಂಶ ಮಾಡುವ ಕೇಡೂ ಇದೇ ಬಗೆಯದು, ಅನುಮಾನವನ್ನು ನುಂಗಿ ಒಂದು ಅಂಕಿಯನ್ನು ಕೊಟ್ಟುಬಿಡುತ್ತದೆ. ನನ್ನ ಮಟ್ಟಿಗೆ ಇಡೀ ಕೆಲಸದ ಜೀವಾಳ ಇಷ್ಟೆ: ಓದಲಾಗದ್ದನ್ನು ಓದಲಾಗದ್ದೆಂದೇ ಬರೆದುಕೊಂಡು, ತೀರ್ಮಾನವನ್ನು ಕೂಡು-ಕಳೆಯುವ ಲೆಕ್ಕಕ್ಕೆ ಬಿಡಬೇಕು. ಖಾತೆಯ ಹಾಳೆಯಲ್ಲಿ ಬಾಕಿ ಕಾಲಮ್ಮು ಇರುವುದರಿಂದ ಪ್ರತಿ ಮೊತ್ತವೂ ಎರಡು ಸಲ ದಾಖಲಾಗಿರುತ್ತದೆ, ಒಮ್ಮೆ ತಾನೇ ತಾನಾಗಿ, ಇನ್ನೊಮ್ಮೆ ಮೇಲಿನ ಬಾಕಿಗೂ ಕೆಳಗಿನ ಬಾಕಿಗೂ ನಡುವಿನ ವ್ಯತ್ಯಾಸವಾಗಿ.

ಒಂದು ಲೆಕ್ಕ ಬಿಡಿಸಿ ನೋಡೋಣ. ಅಂಕಿಗಳನ್ನು ವಿವರಣೆಗೆಂದು ನಾನೇ ಹೊಂದಿಸಿದ್ದೇನೆ. ವರ್ಷಕ್ಕೆ ಶೇಕಡಾ 15ರ ಬಡ್ಡಿಯ ಮನೆ ದುರಸ್ತಿ ಸಾಲ, ಬಡ್ಡಿಯನ್ನು ಆರು ತಿಂಗಳಿಗೊಮ್ಮೆ ಬಾಕಿಗೆ ಸೇರಿಸುತ್ತಾರೆ. ಹಾಳೆಯಲ್ಲಿ ನಾಲ್ಕನೇ ಪಿನ್ನು ಸತ್ತಿದೆ. ಸೊನ್ನೆಯೋ ಎಂಟೋ ತಿಳಿಯದ ಕಡೆಯೆಲ್ಲ ಪ್ರಶ್ನೆ ಚಿಹ್ನೆ ಇಟ್ಟಿದ್ದೇನೆ. ತಾರೀಕಿನ ಬಳಿಕ ಕ್ರಮವಾಗಿ ಖರ್ಚು, ಜಮಾ, ಬಾಕಿ.

```
?1 ?4 96                       143??.??
3? ?9 96   1?7?.5?             1545?.5?
?1 1? 96              3???.??  1165?.5?
31 ?3 97    ?74.39             12532.?9
```

ತಾರೀಕು ತಾನಾಗಿಯೇ ಬಗೆಹರಿಯುತ್ತದೆ. 81ನೇ ದಿನವಾಗಲಿ 18ನೇ ತಿಂಗಳಾಗಲಿ ಇಲ್ಲ. ಹಾಗಾಗಿ ಅವು 1996ರ ಏಪ್ರಿಲ್ 1, ಸೆಪ್ಟೆಂಬರ್ 30, ಅಕ್ಟೋಬರ್ 1 ಮತ್ತು 1997ರ ಮಾರ್ಚ್ 31. ತಕರಾರು ಇರುವುದು ಅಕ್ಟೋಬರ್ 1ರ ಜಮಾದಲ್ಲಿ. ಐದು ಅನುಮಾನದ ಅಂಕಿಗಳಿರುವುದರಿಂದ ಅದನ್ನು 3,000 ರೂಪಾಯಿಯಿಂದ 3,888 ರೂಪಾಯಿ 88 ಪೈಸೆಯವರೆಗೆ 32 ಬಗೆಯಲ್ಲಿ ಓದಬಹುದು.

ಮೇಲಿನಿಂದ ಶುರುಮಾಡಬಾರದು. ಅತಿ ಕಡಿಮೆ ಅನುಮಾನ ಇರುವ ಸಾಲಿನಿಂದ, ಇಲ್ಲಿ ಕೊನೆಯದರಿಂದ, ಹೊರಡಬೇಕು. ಮೊತ್ತದ ಮೊದಲಲ್ಲಿ ಸೊನ್ನೆ ಮುದ್ರಿಸುವ ರೂಢಿಯಿಲ್ಲವಾದ್ದರಿಂದ ಕೊನೆಯ ಬಡ್ಡಿ 874.39. ಅದರ ಮೇಲಿನ ಬಾಕಿ 11650.50, 11650.58, 11658.50, 11658.58 ಈ ನಾಲ್ಕರಲ್ಲಿ ಒಂದು. ನಾಲ್ಕಕ್ಕೂ 874.39 ಕೂಡಿಸಿದರೆ ಕ್ರಮವಾಗಿ 12524.89, 12524.97, 12532.89, 12532.97 ಬರುತ್ತದೆ. ಹಾಳೆಯಲ್ಲಿ 12532 ಎಂಬುದೂ ಕೊನೆಯ 9 ಎಂಬುದೂ ನಿಚ್ಚಳವಾಗಿವೆ. ಅದಕ್ಕೆ ಹೊಂದುವುದು ಮೂರನೆಯದು ಮಾತ್ರ. ಅಂದರೆ ಅಕ್ಟೋಬರ್ 1ರಂದು ಉಳಿದ ಬಾಕಿ 11,658.50.

ಒಂದು ಸಾಲು ಮೇಲಕ್ಕೆ ಹೋಗೋಣ. ಜಮಾ ಆಗುವ ಮುಂಚಿನ ಬಾಕಿ 15450 ಎಂದು ಇಟ್ಟುಕೊಂಡರೆ ಕಟ್ಟಿದ ಹಣ 3792 ಆಗಬೇಕು. ಆದರೆ ಹಾಳೆಯಲ್ಲಿ ಮೂರರ ಪಕ್ಕ ಇರುವುದು ಸೊನ್ನೆ ಅಥವಾ ಎಂಟು, ಏಳಂತೂ ಅಲ್ಲ. ಹಾಗಾಗಿ ಬಾಕಿ 15458, ಕಟ್ಟಿದ್ದು 3,800. ಪೈಸೆಯ ಮನೆಯಲ್ಲಿ ಎರಡು ಸೊನ್ನೆಯೋ ಸೊನ್ನೆ ಎಂಟೋ ಎಂಬಷ್ಟು ಮಾತ್ರ ಉಳಿಯಿತು. 32 ದಾರಿಗಳು ಎರಡಕ್ಕೆ ಇಳಿದವು. ಮೂರು ಸಾವಿರವೋ ಮೂರು ಸಾವಿರದ ಎಂಟುನೂರೋ ಎಂಬ ಜಗಳಕ್ಕೆ ಇಲ್ಲಿಗೆ ತೆರೆ ಬಿತ್ತು.

ಮೊದಲ ಎರಡು ಸಾಲಿನಲ್ಲಿ ಮಾತ್ರ ಕೂಡುವ ಲೆಕ್ಕ ಕೈಕೊಡುತ್ತದೆ. 14380ಕ್ಕೆ 1078 ಕೂಡಿಸಿದರೂ 15458, 14388ಕ್ಕೆ 1070 ಕೂಡಿಸಿದರೂ 15458. ಒಂದರಲ್ಲಿ ಎಂಟು ಹೆಚ್ಚಾದದ್ದು ಇನ್ನೊಂದರಲ್ಲಿ ಎಂಟು ಕಡಿಮೆಯಾಗಿ ಸರಿದೂಗಿಬಿಡುತ್ತದೆ. ಲೆಕ್ಕ ತಾಳೆಯಾಯಿತು ಎಂದ ಮಾತ್ರಕ್ಕೆ ಓದು ಸರಿ ಎನ್ನಲಾಗದು ಎಂಬುದಕ್ಕೆ ಇದೇ ನಿದರ್ಶನ. ಇಂಥ ಕಡೆ ಹೊರಗಿನ ಇನ್ನೊಂದು ಆಧಾರ ಬೇಕು, ಇಲ್ಲಿ ಅದು ಬಡ್ಡಿಯ ದರ. ಅರ್ಧ ವರ್ಷಕ್ಕೆ ಏಳೂವರೆ ಶೇಕಡಾದಂತೆ 14380ಕ್ಕೆ ಸರಿಯಾಗಿ 1078.50 ಬರುತ್ತದೆ. 14388ಕ್ಕೆ ಬರುವುದು 1079.10, ಅದರ ಒಂಬತ್ತಾಗಲಿ ಒಂದಾಗಲಿ ಹಾಳೆಯಲ್ಲಿ ಎಲ್ಲಿಯೂ ಕೂರುವುದಿಲ್ಲ. ಬಡ್ಡಿ 1078.50 ಎಂದಾದ ಮೇಲೆ ಬಾಕಿ 15458.50, ಜಮಾ 3800.00, ಉಳಿದಿದ್ದ ಪೈಸೆಯ ಅನುಮಾನವೂ ಹೋಯಿತು. ಕೊನೆಯ ಸಾಲನ್ನೂ ದರದಿಂದ ಪರೀಕ್ಷಿಸಬಹುದು. 11658.50ಕ್ಕೆ ಏಳೂವರೆ ಶೇಕಡಾ 874.39 ಆಗುತ್ತದೆ.

ದರ ಗೊತ್ತಿಲ್ಲದಿದ್ದರೆ ಹಿಂದಿನ ಪುಟದ ಕೊನೆಯ ಬಾಕಿಯೋ ಪುಟದ ಅಡಿಯ ಮೊತ್ತವೋ ಅದೇ ಕೆಲಸ ಮಾಡುತ್ತದೆ. ಅವೂ ಇಲ್ಲವಾದರೆ 14380 ಅಥವಾ 14388 ಎಂದು ಎರಡನ್ನೂ ಬರೆದಿಟ್ಟು ನಿಲ್ಲಿಸಬೇಕು, ಒಂದನ್ನು ಆರಿಸಿಕೊಳ್ಳುವ ಹಕ್ಕು ಓದುವವರಿಗಿಲ್ಲ.

ಲೆಕ್ಕ ತಾಳೆಯಾಗದೆ ಹೋದಾಗಲೂ ಎಷ್ಟು ತಪ್ಪಿದೆ ಎಂಬ ಮೊತ್ತವೇ ಸುಳಿವು ಕೊಡುತ್ತದೆ. 8, 80 ಅಥವಾ 800 ವ್ಯತ್ಯಾಸ ಬಂದರೆ ಸೊನ್ನೆ ಎಂಟಾಗಿದೆಯೋ ಎಂಟು ಸೊನ್ನೆಯಾಗಿದೆಯೋ ನೋಡಿ. 6, 60, 600 ಬಂದರೆ ಏಳನ್ನು ಒಂದೆಂದು ಓದಿರಬಹುದು. ಮೇಲಿನ ಮೊದಲ ಪಿನ್ನು ಸತ್ತಾಗ ಏಳರ ತಲೆಗೆರೆ ಹೋಗಿ ಓರೆಗಡ್ಡಿಯೊಂದೇ ಉಳಿಯುತ್ತದೆ. 5, 50, 500 ಬಂದರೆ ಎಂಟರ ಎಡಭಾಗ ಮಾಸಿ ಮೂರರಂತೆ ಕಂಡಿರಬಹುದು. ಇವು ಯಾವುದಕ್ಕೂ ಹೊಂದದೆ ಪೂರ್ತಿ ಮೊತ್ತವೇ ತಪ್ಪಿದ್ದರೆ, ಅಂಕಿಗಳನ್ನು ಬಿಟ್ಟು ಹಾಳೆಯ ಮಡಿಕೆ ನೋಡಬೇಕು. ಕಾಗದ ಸರಿಯಾಗಿ ಹೊಂದಿಸಿರದಿದ್ದರೆ ಒಂದು ಸಾಲು ಹರಿಯುವ ಗೆರೆಯ ಮೇಲೆಯೇ ಮುದ್ರಣವಾಗಿ, ಪುಟ ಬಿಡಿಸುವಾಗ ಸೀಳಿಹೋಗಿರುತ್ತದೆ.

ಶುದ್ಧಪ್ರತಿ ಬರೆಯುವಾಗ ಮೂಲ ಹಾಳೆಯ ಮೇಲೆ ಪೆನ್ನಾಡಿಸಬಾರದು. ಬೇರೆ ಕಾಗದದಲ್ಲಿ, ಕಣ್ಣಿಗೆ ಕಂಡ ಅಂಕಿಯನ್ನು ಕಪ್ಪು ಶಾಯಿಯಲ್ಲಿ, ಲೆಕ್ಕದಿಂದ ತೀರ್ಮಾನಿಸಿದ್ದನ್ನು ನೀಲಿಯಲ್ಲಿ, ತೀರ್ಮಾನವಾಗದ್ದನ್ನು ಪ್ರಶ್ನೆ ಚಿಹ್ನೆಯಾಗಿ ಬರೆದು, ಪ್ರತಿ ನೀಲಿ ಅಂಕಿಯ ಪಕ್ಕ ಅದು ಯಾವ ಕೂಡುವಿಕೆಯಿಂದ ಬಂತು ಎಂಬುದನ್ನು ನಮೂದಿಸಬೇಕು. ಬ್ಯಾಂಕಿಗಾಗಲಿ ವಕೀಲರಿಗಾಗಲಿ ಇದನ್ನು ಮೂಲದ ಬಣ್ಣದ ಸ್ಕ್ಯಾನಿನ ಜತೆಗೆ ಕೊಟ್ಟರೆ ಅವರು ನಿಮ್ಮ ಮಾತನ್ನು ನಂಬಬೇಕಾದ ಅಗತ್ಯ ಬೀಳುವುದಿಲ್ಲ. ಅದೇ ನಾಲ್ಕು ಸಾಲನ್ನು ಅವರೇ ಕೂಡಿ ಕಳೆದು ನೋಡಿಕೊಳ್ಳಬಹುದು.